ರೋಂಬರ್ಗ್ ವಿಧಾನ: ಮಲಪ್ರಭೆಯ ಅಡ್ಡಸೀಳಿನ ಲೆಕ್ಕ

ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟು ದಾಟಿದ ಮಲಪ್ರಭೆ ರಾಮದುರ್ಗದತ್ತ ಹರಿಯುತ್ತದೆ. ಅಲ್ಲೊಂದು ಕಡೆ ನದಿಯ ಅಗಲ 40 ಮೀಟರ್, ತಳ ಬಟ್ಟಲಿನಂತೆ ನಯವಾಗಿದೆ ಎಂದಿಟ್ಟುಕೊಳ್ಳಿ. 10 ಮೀಟರಿಗೊಮ್ಮೆ ಆಳ 0, 3, 4, 3, 0 ಮೀಟರ್.

ಹೆಜ್ಜೆ 20 ಮೀಟರ್ ಆದರೆ ತ್ರಾಪಿಜ್ಯ ನಿಯಮದಿಂದ ಬರುವ ಕ್ಷೇತ್ರಫಲ 80 ಚದರ ಮೀಟರ್. 10ಕ್ಕೆ ಇಳಿಸಿದರೆ 100. ಹೆಜ್ಜೆ ಅರ್ಧವಾದಾಗ ದೋಷ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಹೊಸ ಉತ್ತರಕ್ಕೆ ಎರಡರ ವ್ಯತ್ಯಾಸದ ಮೂರನೇ ಒಂದು ಭಾಗ ಕೂಡಿಸಬೇಕು: 100 + 20/3 = 106.67. ತಳ ಪರವಲಯವಾದರೆ ಇದೇ ನಿಖರ ಉತ್ತರ. ಇದನ್ನೇ ಹಂತಹಂತವಾಗಿ ಮುಂದುವರಿಸುವ ಕ್ರಮವನ್ನು ವೆರ್ನರ್ ರೋಂಬರ್ಗ್ 1955ರಲ್ಲಿ ಪ್ರಕಟಿಸಿದರು. ಮುಂದಿನ ಹಂತದಲ್ಲಿ ಭಾಜಕ 3 ಅಲ್ಲ, 15.

ನಂಬುವ ಮುನ್ನ ಒಂದು ತಪಾಸಣೆ ಬೇಕು. ತಳ ಪರವಲಯವಾಗಿದ್ದರೆ ಹೆಜ್ಜೆ 5 ಆದಾಗ ಉತ್ತರ 105. ವ್ಯತ್ಯಾಸಗಳು 20 ಮತ್ತು 5, ಅನುಪಾತ 4, ಸರಿ. ದಡದಲ್ಲಿ ಕಡಿದಾದ ಬಂಡೆಯಿದ್ದರೆ ಅನುಪಾತ 4ರಿಂದ ದೂರ ಸರಿಯುತ್ತದೆ, ಆಗ ಈ ತಿದ್ದುಪಡಿ ಮೋಸ ಮಾಡುತ್ತದೆ. ಅಂಥಲ್ಲಿ ಹೊಂದಾಣಿಕೆಯ ಹೆಜ್ಜೆ ಬೇಕು: ಪ್ರತಿ ತುಂಡಿನಲ್ಲೂ ವ್ಯತ್ಯಾಸ ನೋಡಿ, ಮಿತಿ ಮೀರಿದ ಬಂಡೆಯ ಬದಿಯನ್ನಷ್ಟೇ ಮತ್ತೆ ಅರ್ಧಿಸಿ ಆಳ ಅಳೆಯಬೇಕು, ನಯವಾದ ನಡುಭಾಗಕ್ಕೆ ದೊಡ್ಡ ಹೆಜ್ಜೆಯೇ ಸಾಕು.