ಆರ್ಡರ್ ನೋಡಿಯೇ ಬಾಕ್ಸ್ ಮತ್ತು ತೂಕ ಹೇಳುವ ಶೀಟ್

ಮನೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಮಾಡಿ ಊರೂರಿಗೆ ಕೊರಿಯರ್ ಮಾಡುವವರಿಗೆ ಲಾಭ ಸೋರಿಹೋಗುವ ಜಾಗ ಹೆಚ್ಚಾಗಿ ಅಡುಗೆಮನೆಯಲ್ಲಿರುವುದಿಲ್ಲ, ಪ್ಯಾಕಿಂಗ್ ಮೇಜಿನ ಮೇಲಿರುತ್ತದೆ. ಗಿರಾಕಿ ದುಡ್ಡು ಕಟ್ಟುವ ಹೊತ್ತಿಗೆ ಸಾಗಣೆ ವೆಚ್ಚ ಎಷ್ಟೆಂದು ಹೇಳಬೇಕು. ಆದರೆ ಯಾವ ಬಾಕ್ಸ್, ಎಷ್ಟು ತೂಕ ಎಂಬುದು ಗೊತ್ತಾಗುವುದು ಪ್ಯಾಕ್ ಮಾಡಿದ ಮೇಲೆ. ಈ ಅಂತರವನ್ನು ಒಂದು ಗೂಗಲ್ ಶೀಟ್ ತುಂಬಬಲ್ಲದು. ಶಿರಸಿ ಕಡೆಯ ಒಂದು ಮನೆ ಉದ್ಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಶೀಟ್ ಕಟ್ಟೋಣ. ಇಲ್ಲಿ ಕೊಟ್ಟ ಅಳತೆಗಳು ಉದಾಹರಣೆಗೆ ಮಾತ್ರ. ನಿಮ್ಮ ಸಾಮಾನಿನದನ್ನು ನೀವೇ ಅಳೆದು ಹಾಕಿಕೊಳ್ಳಬೇಕು.

ಮೊದಲು ಕೊರಿಯರ್‌ನವರ ಲೆಕ್ಕ ತಿಳಿದಿರಲಿ. ಅವರು ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿಯ ತೂಕ, ಇನ್ನೊಂದು ಬಾಕ್ಸ್ ಆಕ್ರಮಿಸುವ ಜಾಗದ ತೂಕ, ಅಂದರೆ ವಾಲ್ಯೂಮೆಟ್ರಿಕ್ ತೂಕ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಅದು ಕಿಲೋದಲ್ಲಿ ಸಿಗುತ್ತದೆ. 5ರಿಂದ ಭಾಗಿಸಿದರೆ ನೇರವಾಗಿ ಗ್ರಾಂ. ಕೆಲವು ಕಂಪನಿಗಳ ಭಾಜಕ ಬೇರೆ ಇರುತ್ತದೆ, ಆದ್ದರಿಂದ ನಿಮ್ಮ ದರಪಟ್ಟಿಯಲ್ಲಿ ನೋಡಿಕೊಳ್ಳಿ. ಎರಡು ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು, ಅದೂ ಸಾಮಾನ್ಯವಾಗಿ ಅರ್ಧ ಕಿಲೋದ ಸ್ಲ್ಯಾಬ್‌ಗೆ ಏರಿಸಿ. ಬಾಕ್ಸಿನ ಆಯ್ಕೆ ಇಷ್ಟು ಮುಖ್ಯವಾಗುವುದು ಇದರಿಂದಲೇ. ಹಗುರವಾದ ಹಪ್ಪಳವನ್ನು ದೊಡ್ಡ ಬಾಕ್ಸಿನಲ್ಲಿ ಕಳಿಸಿದರೆ ಖಾಲಿ ಜಾಗಕ್ಕೂ ನೀವು ಬಾಡಿಗೆ ಕಟ್ಟುತ್ತೀರಿ.

ಸಾಮಾನಿನ ಪಟ್ಟಿ

ಶೀಟಿನ ಮೊದಲ ಪುಟಕ್ಕೆ `Items` ಎಂದು ಹೆಸರಿಡಿ. A ಕಾಲಮಿನಲ್ಲಿ ಸಾಮಾನಿನ ಕೋಡ್. B, C, D ಕಾಲಮುಗಳಲ್ಲಿ ಅದರ ಮೂರು ಬದಿಗಳು, ದೊಡ್ಡದರಿಂದ ಚಿಕ್ಕದಕ್ಕೆ. E ಕಾಲಮಿನಲ್ಲಿ ಗ್ರಾಂ, F ಕಾಲಮಿನಲ್ಲಿ ಮೂರು ಬದಿಗಳ ಗುಣಲಬ್ಧ. G ಕಾಲಮಿನಲ್ಲಿ, ನಿಲ್ಲಿಸಿಯೇ ಕಳಿಸಬೇಕಾದ ಬಾಟಲಿಯಾದರೆ 1, ಇಲ್ಲದಿದ್ದರೆ 0.

ಲೇಬಲ್ ಮೇಲಿನ ತೂಕವನ್ನು ಇಲ್ಲಿ ಬರೆಯಲೇಬೇಡಿ. ಅರ್ಧ ಕಿಲೋ ಉಪ್ಪಿನಕಾಯಿಯ ಗಾಜಿನ ಬಾಟಲಿಯನ್ನು ಮುಚ್ಚಳ ಹಾಕಿ, ಬಬಲ್ ಶೀಟ್ ಸುತ್ತಿ ತಕ್ಕಡಿಗಿಟ್ಟರೆ 850 ಗ್ರಾಂ ಸುಲಭವಾಗಿ ಬರುತ್ತದೆ. ಅಳತೆಯೂ ಸುತ್ತಿದ ಮೇಲಿನದೇ ಆಗಬೇಕು: 14×10×10 ಸೆಂ.ಮೀ. ಕಾಲು ಕಿಲೋ ಚಟ್ನಿಪುಡಿಯ ಪೊಟ್ಟಣ 18×13×4, 265 ಗ್ರಾಂ. ಹಪ್ಪಳದ ಕಟ್ಟು 21×21×5, 320 ಗ್ರಾಂ. ದುಂಡಗಿನ ವಸ್ತುವಿಗೂ ಅದನ್ನು ಹಿಡಿಸುವ ಚೌಕದ ಅಳತೆಯನ್ನೇ ಕೊಡಿ. ಮೂಲೆಯ ಸಂದಿಯಲ್ಲಿ ಬೇರೇನೂ ಕೂರುವುದಿಲ್ಲ.

ಬಾಕ್ಸುಗಳ ಪಟ್ಟಿ

ಎರಡನೇ ಪುಟ `Boxes`. ಇಲ್ಲಿ ಒಳಗಿನ ಅಳತೆ ಮತ್ತು ಹೊರಗಿನ ಅಳತೆಯನ್ನು ಬೇರೆಬೇರೆಯಾಗಿ ನೋಡಬೇಕು. ಸಾಮಾನು ಹಿಡಿಸುತ್ತದೆಯೇ ಎಂಬುದಕ್ಕೆ ಒಳಗಿನದು, ಕೊರಿಯರ್ ದುಡ್ಡಿಗೆ ಹೊರಗಿನದು. ಮೂರು ಪ್ಲೈ ರಟ್ಟು ಸುಮಾರು 3 ಮಿ.ಮೀ. ದಪ್ಪವಿದ್ದರೆ ಉದ್ದಗಲಕ್ಕೆ ತಲಾ 6 ಮಿ.ಮೀ. ಸೇರುತ್ತದೆ. ಮೇಲೆ ಕೆಳಗೆ ಎರಡೆರಡು ಪದರ ಮಡಚುವುದರಿಂದ ಎತ್ತರಕ್ಕೆ 12 ಮಿ.ಮೀ. ಒಳಗೆ 25×20×15 ಇರುವ ಬಾಕ್ಸನ್ನು ಹಾಗೆಯೇ ಲೆಕ್ಕ ಹಾಕಿದರೆ ವಾಲ್ಯೂಮೆಟ್ರಿಕ್ ತೂಕ ಸರಿಯಾಗಿ 1500 ಗ್ರಾಂ. ಹೊರಗಿನಿಂದ ಅಳೆದು ಪ್ರತಿ ಬದಿಯನ್ನೂ ಪೂರ್ತಿ ಸೆಂಟಿಮೀಟರಿಗೆ ಏರಿಸಿದರೆ 26×21×17, ಅಂದರೆ 1856 ಗ್ರಾಂ. ಒಂದೂವರೆ ಕಿಲೋ ಎಂದುಕೊಂಡದ್ದು ಎರಡು ಕಿಲೋ ಸ್ಲ್ಯಾಬ್‌ಗೆ ಹೋಯಿತು. ಬಾಕ್ಸ್ ಮಾರುವವರು ಅಳತೆಯನ್ನು ಇಂಚಿನಲ್ಲಿ ಹೇಳಿದರೆ ಅದು ಒಳಗಿನದೋ ಹೊರಗಿನದೋ ಎಂದು ಕೇಳಿಕೊಂಡು, 2.54ರಿಂದ ಗುಣಿಸಿ ಬರೆಯಿರಿ.

ನಮ್ಮ ಉದಾಹರಣೆಯಲ್ಲಿ ನಾಲ್ಕು ಬಾಕ್ಸುಗಳಿವೆ. ಒಳಗಿನ ಅಳತೆಯಲ್ಲಿ ಸಣ್ಣದು 15×15×15, ಚಪ್ಪಟೆಯದು 22×22×10, ಮಧ್ಯಮ 25×20×15, ದೊಡ್ಡದು 30×25×20. ದೊಡ್ಡದು ಐದು ಪ್ಲೈ, ಉಳಿದವು ಮೂರು ಪ್ಲೈ. A ಕಾಲಮಿನಲ್ಲಿ ಹೆಸರು, B, C, D ಕಾಲಮುಗಳಲ್ಲಿ ಒಳಬದಿಗಳು, ದೊಡ್ಡದರಿಂದ ಚಿಕ್ಕದಕ್ಕೆ. E ಕಾಲಮಿನಲ್ಲಿ ಎಷ್ಟು ಬಾಟಲಿ ನಿಲ್ಲಬಲ್ಲವು ಎಂಬ ಸಂಖ್ಯೆ: ಸಣ್ಣದರಲ್ಲಿ 1, ಚಪ್ಪಟೆಯದರಲ್ಲಿ 0, ಮಧ್ಯಮದಲ್ಲಿ 4, ದೊಡ್ಡದರಲ್ಲಿ 6. F ಕಾಲಮಿನಲ್ಲಿ ಒಳ ಗಾತ್ರದ ಮುಕ್ಕಾಲು ಭಾಗ, ಉಳಿದ ಕಾಲು ಭಾಗ ಮೆತ್ತೆಗೆ ಮತ್ತು ಸಂದಿಗೆ. G ಕಾಲಮಿನಲ್ಲಿ ಖಾಲಿ ಬಾಕ್ಸ್, ತುಂಬುವ ಕಾಗದ, ಟೇಪು ಸೇರಿದ ಗ್ರಾಂ. H ಕಾಲಮಿನಲ್ಲಿ ಹೊರ ಅಳತೆಯ ವಾಲ್ಯೂಮೆಟ್ರಿಕ್ ಗ್ರಾಂ. H ಚಿಕ್ಕದಿರುವ ಬಾಕ್ಸ್ ಮೇಲೆ ಬರುವಂತೆ ಸಾಲುಗಳನ್ನು ಜೋಡಿಸಿ, ಏಕೆಂದರೆ ಶೀಟು ಮೇಲಿನಿಂದ ಹುಡುಕಿ ಮೊದಲು ಹೊಂದಿದ್ದನ್ನು ಆರಿಸುತ್ತದೆ.

ಆ E ಕಾಲಮನ್ನು ಬಿಟ್ಟರೂ ನಡೆಯುತ್ತದೆ ಎಂದು ಅನ್ನಿಸಬಹುದು. ನಡೆಯುವುದಿಲ್ಲ. ದೊಡ್ಡ ಬಾಕ್ಸಿನ ಮುಕ್ಕಾಲು ಗಾತ್ರ 11,250 ಘನ ಸೆಂ.ಮೀ. ಒಂದು ಬಾಟಲಿಯ ಗಾತ್ರ 1,400. ಗಾತ್ರ ಮಾತ್ರ ನೋಡಿದರೆ ಎಂಟು ಬಾಟಲಿ ಹಿಡಿಯಬೇಕು. ನಿಜವಾಗಿ ಇಟ್ಟು ನೋಡಿ: 30×25ರ ತಳದಲ್ಲಿ ಮೂರರಂತೆ ಎರಡು ಸಾಲು, ಒಟ್ಟು ಆರು. ಅದರ ಮೇಲೆ ಇನ್ನೊಂದು ಪದರಕ್ಕೆ 28 ಸೆಂ.ಮೀ. ಎತ್ತರ ಬೇಕು, ಇರುವುದು 20. ಖಾಲಿ ಜಾಗವೇನೋ ಇದೆ, ಆದರೆ ಬಾಟಲಿಯ ಆಕಾರಕ್ಕೆ ಹೊಂದುವ ಜಾಗವಿಲ್ಲ. ಯಾವ ಸೂತ್ರಕ್ಕಿಂತಲೂ ಒಮ್ಮೆ ಕೈಯಾರೆ ಜೋಡಿಸಿ ಎಣಿಸಿದ ಸಂಖ್ಯೆ ಹೆಚ್ಚು ನಂಬಿಕೆಯದು. ನಿಮ್ಮಲ್ಲಿ ಎರಡು ಅಳತೆಯ ಬಾಟಲಿಗಳಿದ್ದರೆ ಒಂದೊಂದಕ್ಕೂ ಇಂಥದೇ ಕಾಲಮ್ ಬೇಕು.

ಸೂತ್ರಗಳು

ಮೂರನೇ ಪುಟದಲ್ಲಿ ಆರ್ಡರ್. A2ರಿಂದ A10ರವರೆಗೆ ಕೋಡ್, B ಕಾಲಮಿನಲ್ಲಿ ಎಷ್ಟು ಬೇಕೆಂಬುದು. D2ರಲ್ಲಿ ಒಟ್ಟು ಗಾತ್ರಕ್ಕೆ ಹೀಗೆ ಬರೆಯಿರಿ:

```
=SUMPRODUCT(SUMIF(Items!A:A,A2:A10,Items!F:F),B2:B10)
```

ಇದರಲ್ಲಿ `Items!F:F` ಬದಲು `Items!E:E` ಹಾಕಿದರೆ ಒಟ್ಟು ಗ್ರಾಂ, ಅದನ್ನು E2ರಲ್ಲಿ ಇಡಿ. `Items!G:G` ಹಾಕಿದರೆ ಬಾಟಲಿಗಳ ಸಂಖ್ಯೆ, ಅದನ್ನು I2ರಲ್ಲಿ. ಇನ್ನು ಆರ್ಡರಿನಲ್ಲಿರುವ ಅತಿ ದೊಡ್ಡ ಬದಿ F2ರಲ್ಲಿ:

```
=MAX(ARRAYFORMULA(IFERROR(VLOOKUP(A2:A10,Items!A:G,2,FALSE),0)))
```

ಇದರ 2ನ್ನು 3 ಮತ್ತು 4 ಮಾಡಿ G2, H2ರಲ್ಲಿ ಹಾಕಿದರೆ ಇನ್ನೆರಡು ಬದಿಗಳು ಬಂದವು. J2ರಲ್ಲಿ ಬಾಕ್ಸಿನ ಹೆಸರು, K2ರಲ್ಲಿ ದುಡ್ಡು ಕಟ್ಟಬೇಕಾದ ಗ್ರಾಂ:

```
=IFERROR(INDEX(FILTER(Boxes!A2:A5,Boxes!B2:B5>=F2,Boxes!C2:C5>=G2,Boxes!D2:D5>=H2,Boxes!E2:E5>=I2,Boxes!F2:F5>=D2),1),"CHECK")

=CEILING(MAX(1.03*(E2+VLOOKUP(J2,Boxes!A:H,7,FALSE)),VLOOKUP(J2,Boxes!A:H,8,FALSE)),500)
```

ಆ 1.03 ಮೂರು ಪರ್ಸೆಂಟ್ ಎಚ್ಚರಿಕೆಯ ಅಂಚು. ಮಲೆನಾಡಿನ ಮಳೆಗಾಲದಲ್ಲಿ ರಟ್ಟು ತೇವ ಹೀರಿ ತೂಕ ಏರುತ್ತದೆ. ಕೈಯಲ್ಲಿ ತುಂಬುವ ಕಾಗದವೂ ದಿನಕ್ಕೊಂದು ತೂಕ.

ಈ ಸೂತ್ರಗಳಿಗೆ ಒಂದು ದೌರ್ಬಲ್ಯವಿದೆ. ಪಟ್ಟಿಯಲ್ಲಿ ಇಲ್ಲದ ಕೋಡ್ ಬಂದರೆ ತಪ್ಪು ಎಂದು ಕೂಗುವುದಿಲ್ಲ, ಸುಮ್ಮನೆ ಸೊನ್ನೆ ಎಂದುಕೊಳ್ಳುತ್ತವೆ. ಹೊಸದಾಗಿ ಮಾಡಿದ ತೊಕ್ಕನ್ನು `Items` ಪುಟಕ್ಕೆ ಸೇರಿಸಲು ಮರೆತರೆ ಅದು ತೂಕವೇ ಇಲ್ಲದ ಸಾಮಾನಾಗಿ ಹೋಗುತ್ತದೆ. ಒಂದು ಖಾಲಿ ಕೋಶದಲ್ಲಿ ಇದನ್ನು ಇಡಿ, ಸೊನ್ನೆಗಿಂತ ಹೆಚ್ಚು ತೋರಿಸಿದರೆ ಆ ಲೆಕ್ಕವನ್ನು ನಂಬಬೇಡಿ:

```
=SUMPRODUCT((A2:A10<>"")*(COUNTIF(Items!A:A,A2:A10)=0))
```

ಮೂರು ಆರ್ಡರ್‌ಗಳ ಲೆಕ್ಕ

ಎರಡು ಉಪ್ಪಿನಕಾಯಿ, ಒಂದು ಚಟ್ನಿಪುಡಿ. ಗಾತ್ರ 3,736, ಸಾಮಾನಿನ ತೂಕ 1,965 ಗ್ರಾಂ. ಸಣ್ಣದರಲ್ಲಿ ಒಂದೇ ಬಾಟಲಿ ನಿಲ್ಲುತ್ತದೆ, ಚಪ್ಪಟೆಯದರಲ್ಲಿ ಒಂದೂ ಇಲ್ಲ. ಆದ್ದರಿಂದ ಮಧ್ಯಮ. ಬಾಕ್ಸು, ಮೆತ್ತೆಗೆ 250 ಗ್ರಾಂ ಸೇರಿಸಿದರೆ 2,215, ಅಂಚು ಸೇರಿ 2,281. ವಾಲ್ಯೂಮೆಟ್ರಿಕ್ 1,856 ಮಾತ್ರ. ತಕ್ಕಡಿಯ ತೂಕವೇ ಗೆದ್ದು 2,500 ಗ್ರಾಂ ಸ್ಲ್ಯಾಬ್.

ಒಂದು ಹಪ್ಪಳದ ಕಟ್ಟು, ಒಂದು ಚಟ್ನಿಪುಡಿ. ಗಾತ್ರ 3,141. ಮಧ್ಯಮ ಬಾಕ್ಸಿನಲ್ಲಿ ಗಾತ್ರದ ಮಟ್ಟಿಗೆ ಧಾರಾಳ ಜಾಗವಿದೆ, ಆದರೆ ಹಪ್ಪಳ ಎರಡೂ ಕಡೆ 21, ಬಾಕ್ಸಿನ ನಡು ಬದಿ 20. ಒಂದೇ ಒಂದು ಸೆಂಟಿಮೀಟರಿಗೆ ಹಪ್ಪಳ ಮುರಿಯುತ್ತದೆ. ಚಪ್ಪಟೆ ಬಾಕ್ಸ್ ಇಲ್ಲದಿದ್ದರೆ ಶೀಟು ದೊಡ್ಡದಕ್ಕೆ ಹೋಗುತ್ತಿತ್ತು. ಅದರ ಹೊರ ಅಳತೆ 32×27×23, ವಾಲ್ಯೂಮೆಟ್ರಿಕ್ 3,974 ಗ್ರಾಂ, ಅಂದರೆ ನಾಲ್ಕು ಕಿಲೋ ದರ. ಚಪ್ಪಟೆಯದರಲ್ಲಿ ಹಪ್ಪಳ ತಳಕ್ಕೆ, ಪುಡಿ ಮೇಲೆ, ಒಟ್ಟು ಎತ್ತರ 9 ಸೆಂ.ಮೀ. ಹೊರಗೆ 23×23×12, ವಾಲ್ಯೂಮೆಟ್ರಿಕ್ 1,270, ದರ ಒಂದೂವರೆ ಕಿಲೋಗೆ. ಹಪ್ಪಳ ಮಾರುವವರು ಚಪ್ಪಟೆ ಬಾಕ್ಸ್ ಇಟ್ಟುಕೊಳ್ಳಲೇಬೇಕು ಎನ್ನುವುದು ಇದಕ್ಕೇ.

ಮೂರನೆಯದು ಒಂದೇ ಒಂದು ಉಪ್ಪಿನಕಾಯಿ. ಬಾಟಲಿ 850, ಸಣ್ಣ ಬಾಕ್ಸ್ ಮತ್ತು ಮೆತ್ತೆ 150, ಸರಿಯಾಗಿ 1,000. ಅಂಚು ಸೇರಿದರೆ 1,030, ಒಂದೂವರೆ ಕಿಲೋ ಸ್ಲ್ಯಾಬ್. ಇಲ್ಲಿ ಮೆತ್ತೆ ಕಡಿಮೆ ಮಾಡುವ ಆಸೆ ಬರುತ್ತದೆ. ಗಾಜಿಗೆ ಆ ಕೆಲಸ ಮಾಡಬೇಡಿ. ಮುಂದಿನ ಸಲ ಖಾಲಿ ಬಾಟಲಿ ಕೊಳ್ಳುವಾಗ 40 ಗ್ರಾಂ ಹಗುರವಾದದ್ದು ಸಿಗುತ್ತದೆಯೇ ನೋಡಿ. ಆಗ 960, ಅಂಚು ಸೇರಿ 989. ಪ್ರತಿ ಒಂಟಿ ಬಾಟಲಿಯ ಪಾರ್ಸೆಲಿಗೂ ಅರ್ಧ ಕಿಲೋದ ದುಡ್ಡು ಉಳಿಯುತ್ತದೆ.

ಅಂದಾಜನ್ನು ತಕ್ಕಡಿಗೆ ಒಪ್ಪಿಸುವುದು

ಶೀಟಿನ ಪಕ್ಕದಲ್ಲಿ ಇನ್ನೆರಡು ಕಾಲಮ್ ಇರಲಿ: ಪ್ಯಾಕ್ ಆದ ಮೇಲಿನ ನಿಜ ತೂಕ, ಮತ್ತು ಶೀಟು ಹೇಳಿದ ಬಾಕ್ಸೇ ಹಿಡಿಯಿತೇ ಎಂಬುದು. ನಿಜ ತೂಕ ಒಂದೇ ಬಾಕ್ಸಿಗೆ ಮತ್ತೆಮತ್ತೆ ಹೆಚ್ಚು ಬಂದರೆ ಆ ಬಾಕ್ಸಿನ G ಕಾಲಮ್ ತಿದ್ದಿ. ಒಂದೇ ಸಾಮಾನಿಗೆ ಹೆಚ್ಚು ಬಂದರೆ ಅದನ್ನು ಮತ್ತೆ ತೂಗಿ. ಮುಚ್ಚುವಾಗ ಬಾಕ್ಸ್ ಹೊಟ್ಟೆ ಉಬ್ಬಿದರೆ ಮುಕ್ಕಾಲು ಭಾಗ ಜಾಸ್ತಿಯಾಯಿತು, 70 ಪರ್ಸೆಂಟಿಗೆ ಇಳಿಸಿ. ಉಬ್ಬಿದ ಹೊಟ್ಟೆಯನ್ನು ಕೊರಿಯರ್‌ನ ಹಬ್ಬಿನಲ್ಲಿ ಅಳತೆ ಯಂತ್ರ ಉಬ್ಬಿದಷ್ಟೇ ಅಳೆಯುತ್ತದೆ, ಒಂದೆರಡು ಸೆಂಟಿಮೀಟರಿನಲ್ಲಿ ಸ್ಲ್ಯಾಬ್ ದಾಟುತ್ತದೆ.

ಹಬ್ಬಿನಲ್ಲಿ ಮರು ಅಳತೆ ಮಾಡಿ ಹೆಚ್ಚು ದುಡ್ಡು ಹಾಕಿದಾಗ ತಕರಾರು ಸಲ್ಲಿಸಲು ಸಾಮಾನ್ಯವಾಗಿ ಕೆಲವೇ ದಿನಗಳ ಅವಕಾಶವಿರುತ್ತದೆ. ಆಗ ಕೈಯಲ್ಲಿ ಬೇಕಾದದ್ದು ಎರಡು ಫೋಟೋ: ಲೇಬಲ್ ಕಾಣುವಂತೆ ತಕ್ಕಡಿಯ ಮೇಲಿಟ್ಟ ಪಾರ್ಸೆಲಿನದೊಂದು, ಮೂರೂ ಬದಿಗೆ ಟೇಪು ಹಿಡಿದದ್ದೊಂದು. ಎಲ್ಲದಕ್ಕೂ ಫೋಟೋ ತೆಗೆಯಲು ಪುರುಸೊತ್ತಿಲ್ಲದಿದ್ದರೆ ಸ್ಲ್ಯಾಬಿನ ಅಂಚಿಗೆ 100 ಗ್ರಾಂ ಒಳಗೆ ಇರುವ ಪಾರ್ಸೆಲುಗಳಿಗಾದರೂ ತೆಗೆದಿಡಿ. ಜಗಳ ಬರುವುದು ಅವುಗಳಲ್ಲೇ.

`CHECK` ಎಂದು ತೋರಿಸಿದ ಆರ್ಡರನ್ನು ಮನುಷ್ಯರೇ ನೋಡಬೇಕು. ಆರಕ್ಕಿಂತ ಹೆಚ್ಚು ಬಾಟಲಿಯಾದರೆ ಎರಡು ಪಾರ್ಸೆಲ್ ಮಾಡಿ ಎರಡು ಸಲ ಲೆಕ್ಕ ಹಾಕಿ. ಒಂದೇ ಬಗೆಯ ಆರ್ಡರ್ ಪದೇಪದೇ ಹೀಗೆ ಸಿಕ್ಕಿಬಿದ್ದರೆ ಮುಂದೆ ಯಾವ ಅಳತೆಯ ಬಾಕ್ಸ್ ತರಿಸಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ. ಹೊಸ ಬಾಕ್ಸಿಗೆ ಸಾಲು ಸೇರಿಸಿದಾಗ ಸೂತ್ರದ `A2:A5`, `B2:B5` ಎಲ್ಲವನ್ನೂ 6ಕ್ಕೆ ಬದಲಿಸಿ.