ಮನೆಯಲ್ಲೇ ಕಲಸಿದ ಪಶು ಆಹಾರ: ಅದರ ನಿಜವಾದ ಬೆಲೆ ಎಷ್ಟು?



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಗೋವಿನಜೋಳ ಬೆಳೆಯುವ ಸದಸ್ಯರು ಬಹಳ. ಮನೆಯ ಗೋವಿನಜೋಳವನ್ನು ನುಚ್ಚು ಮಾಡಿಸಿ, ಅಂಗಡಿಯಿಂದ ಹಿಂಡಿ, ಬೂಸಾ ತಂದು ತಾವೇ ಆಹಾರ ಕಲಸುವವರೂ ಸಾಕಷ್ಟು ಜನ ಇದ್ದಾರೆ. ಇದು ಒಳ್ಳೆಯದೇ. ಆದರೆ ಸಂಘದ ಸಭೆಗಳಲ್ಲಿ "ಕಿಲೋಗೆ ಎಷ್ಟು ಬೀಳುತ್ತದೆ?" ಎಂದು ಕೇಳಿದರೆ ಬರುವ ಉತ್ತರ ಬಹುತೇಕ ನಿಜಕ್ಕಿಂತ ಕಡಿಮೆ ಇರುತ್ತದೆ. ಲೆಕ್ಕವನ್ನು ಮೇಲಿನ ಹಂತದಿಂದ ಹಿಡಿಯುತ್ತೇವೆ, ನಡುವೆ ಆಗುವ ನಷ್ಟವನ್ನು ಬಿಟ್ಟುಬಿಡುತ್ತೇವೆ. ಕಾರಣ ಇಷ್ಟೇ.

ಹಾಲಿನ ಮೇವಿನ ಖರ್ಚು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಹಸುವಿನ ದಿನದ ಆಹಾರದಲ್ಲಿ ಕಲಸಿದ ಆಹಾರ, ಕಣಕಿ, ಹಸಿಮೇವು ಇರುತ್ತವೆ. ಕಲಸಿದ ಆಹಾರದೊಳಗೆ ನುಚ್ಚು, ಹಿಂಡಿ, ಬೂಸಾ, ಖನಿಜ ಮಿಶ್ರಣ, ಉಪ್ಪು ಇವೆ. ನುಚ್ಚಿನ ಕೆಳಗೆ ಹಸಿ ಗೋವಿನಜೋಳ ಇದೆ. ತೀರ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ, ಪ್ರತಿ ಮೆಟ್ಟಿಲಿನ ನಷ್ಟವನ್ನು ಅಲ್ಲಲ್ಲಿಯೇ ಸೇರಿಸುತ್ತಾ ಮೇಲೆ ಬರಬೇಕು. ಕೆಳಗೆ ಕೊಟ್ಟಿರುವ ದರಗಳು ಲೆಕ್ಕ ತೋರಿಸಲು ಹಿಡಿದವು. ತಮ್ಮ ಪೇಟೆಯ ದರವನ್ನು ಅಲ್ಲಿ ಹಾಕಿಕೊಳ್ಳುವುದು.

ನುಚ್ಚಿನ ಲೆಕ್ಕ

ಹೊಲದಿಂದ ಬಂದ ಗೋವಿನಜೋಳ 100 ಕಿಲೋ, ಬೆಲೆ 2,000 ರೂಪಾಯಿ, ತೇವಾಂಶ ಶೇಕಡಾ 18 ಎಂದು ಹಿಡಿಯೋಣ. ಮನೆಯದೇ ಆದರೂ ಪೇಟೆಗೆ ಹಾಕಿದ್ದರೆ ಸಿಗುತ್ತಿದ್ದ ದರವನ್ನೇ ಹಿಡಿಯಬೇಕು, ಪುಕ್ಕಟೆ ಎಂದು ಬರೆಯಬಾರದು. ಇಟ್ಟು ಬಳಸಬೇಕಾದರೆ ಅದು ಶೇಕಡಾ 12ಕ್ಕೆ ಒಣಗಬೇಕು. ಆಗ ತೂಕ 6 ಕಿಲೋ ಕಡಿಮೆಯಾಗುತ್ತದೆ ಎಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. 100 ಕಿಲೋದಲ್ಲಿ ಒಣ ಪದಾರ್ಥ 82 ಕಿಲೋ. ಒಣಗಿದ ಮೇಲೆ ಈ 82 ಕಿಲೋ ಒಟ್ಟು ತೂಕದ ಶೇಕಡಾ 88 ಆಗಬೇಕು. 82ನ್ನು 0.88ರಿಂದ ಭಾಗಿಸಿದರೆ 93 ಕಿಲೋ ಬರುತ್ತದೆ. ಅಂದರೆ ನೀರಿಗೇ 7 ಕಿಲೋ ಹೋಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇರಿ ಹಸನು ಮಾಡುವಾಗ ದಿಂಡಿನ ಚೂರು, ಮಣ್ಣು, ಬೂಸ್ಟು ಹಿಡಿದ ಕಾಳು ಎಂದು 2 ಕಿಲೋ ಹೋಗುತ್ತದೆ. 91 ಕಿಲೋ ಗಿರಣಿಗೆ ಹೋಗುತ್ತದೆ, ಹಿಟ್ಟು ಹಾರಿ 90 ಕಿಲೋ ನುಚ್ಚು ಮನೆಗೆ ಬರುತ್ತದೆ. ಗಿರಣಿ ಕೂಲಿ ಕಿಲೋಗೆ 2 ರೂಪಾಯಿಯಂತೆ 182 ರೂಪಾಯಿ. ಒಟ್ಟು 2,182 ರೂಪಾಯಿಯನ್ನು 90ರಿಂದ ಭಾಗಿಸಿದರೆ ನುಚ್ಚು ಕಿಲೋಗೆ 24 ರೂಪಾಯಿ 24 ಪೈಸೆ ಬೀಳುತ್ತದೆ. ಬಾಯಿಲೆಕ್ಕದಲ್ಲಿ ಇದೇ ನುಚ್ಚು 20 ಮತ್ತು 2, ಒಟ್ಟು 22 ರೂಪಾಯಿ ಆಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪೇಟೆಯಿಂದ ಒಣಗಿದ, ಹಸನಾದ ಗೋವಿನಜೋಳವನ್ನೇ ಕೊಂಡಿದ್ದರೆ ಒಣಗುವ ನಷ್ಟವನ್ನು ಮತ್ತೆ ಸೇರಿಸಬಾರದು. ಆ ನಷ್ಟ ಮಾರಿದವನ ದರದಲ್ಲಿಯೇ ಸೇರಿರುತ್ತದೆ. ಒಂದೇ ನಷ್ಟವನ್ನು ಎರಡು ಸಲ ಹಿಡಿಯುವುದೂ ತಪ್ಪು ಲೆಕ್ಕವೇ.

ಕಾಳು ಒಣಗಿದೆಯೋ ಇಲ್ಲವೋ ತಿಳಿಯಲು ಒಣ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಎರಡು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿ ಸ್ವಲ್ಪ ಹೊತ್ತು ಇಡಿರಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ತೇವ ಶೇಕಡಾ 15ಕ್ಕಿಂತ ಹೆಚ್ಚಿದೆ ಎಂದು ತಿಳಿಯುವುದು. ಅಂಥ ಕಾಳನ್ನು ಚೀಲಕ್ಕೆ ತುಂಬಿದರೆ ಬೂಸ್ಟು ಬರುತ್ತದೆ. ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಹಸುವಿನ ಮೂಲಕ ಹಾಲಿಗೂ ಇಳಿಯುತ್ತದೆ. ಆದ್ದರಿಂದ ಆರಿಸಿ ತೆಗೆದ ಬೂಸ್ಟು ಕಾಳನ್ನು "ಹಾಳಾಗುವುದೇಕೆ" ಎಂದು ದನಕ್ಕೆ ಹಾಕತಕ್ಕದ್ದಲ್ಲ. ಅದು ಲೆಕ್ಕದಲ್ಲಿ ನಷ್ಟವಾಗಿಯೇ ಉಳಿಯಲಿ.

ಕಲಸಿದ ಆಹಾರದ ಲೆಕ್ಕ

100 ಕಿಲೋ ಆಹಾರಕ್ಕೆ ಈ ಪ್ರಮಾಣ ಹಿಡಿಯೋಣ:

ಗೋವಿನಜೋಳದ ನುಚ್ಚು 35 ಕಿಲೋ – 848 ರೂಪಾಯಿ
ಹತ್ತಿಕಾಳು ಹಿಂಡಿ 25 ಕಿಲೋ, 34ರಂತೆ – 850 ರೂಪಾಯಿ
ಶೇಂಗಾ ಹಿಂಡಿ 15 ಕಿಲೋ, 46ರಂತೆ – 690 ರೂಪಾಯಿ
ಗೋಧಿ ಬೂಸಾ 22 ಕಿಲೋ, 26ರಂತೆ – 572 ರೂಪಾಯಿ
ಖನಿಜ ಮಿಶ್ರಣ 2 ಕಿಲೋ, 80ರಂತೆ – 160 ರೂಪಾಯಿ
ಉಪ್ಪು 1 ಕಿಲೋ – 10 ರೂಪಾಯಿ

ಒಟ್ಟು 3,130 ರೂಪಾಯಿ. ಕಲಸುವಾಗ ಚೆಲ್ಲಿದ್ದು, ಚೀಲಕ್ಕೆ ಅಂಟಿದ್ದು, ಇಲಿ ತಿಂದದ್ದು ಸೇರಿ 2 ಕಿಲೋ ಕಳೆದರೆ ಹಸುವಿನ ಮುಂದೆ ಬರುವುದು 98 ಕಿಲೋ. 3,130ನ್ನು 98ರಿಂದ ಭಾಗಿಸಿದರೆ ಕಿಲೋಗೆ 31 ರೂಪಾಯಿ 94 ಪೈಸೆ. ಈ ಆಹಾರದಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಶೇಕಡಾ 18ರಷ್ಟು ಇರುತ್ತದೆ. ನುಚ್ಚಿನಲ್ಲಿ ಶೇಕಡಾ 9, ಸಿಪ್ಪೆ ಸಹಿತವಾದ ಹತ್ತಿಕಾಳು ಹಿಂಡಿಯಲ್ಲಿ 22, ಶೇಂಗಾ ಹಿಂಡಿಯಲ್ಲಿ 42, ಬೂಸಾದಲ್ಲಿ 14 ಎಂದು ಹಿಡಿದು ಈ ಲೆಕ್ಕ ಮಾಡಿದೆ. ಹಿಂಡಿಯ ಗುಣ ಗಾಣದಿಂದ ಗಾಣಕ್ಕೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ.

ಒಂದರ ಬದಲು ಇನ್ನೊಂದು

ಶೇಂಗಾ ಹಿಂಡಿ ತುಟ್ಟಿಯಾದಾಗ ನಮ್ಮವರು ಸಾಮಾನ್ಯವಾಗಿ ಮಾಡುವುದೇನೆಂದರೆ, ಆ 15 ಕಿಲೋ ಜಾಗಕ್ಕೆ 15 ಕಿಲೋ ಹತ್ತಿಕಾಳು ಹಿಂಡಿಯನ್ನೇ ಹಾಕಿಬಿಡುವುದು. 690ರ ಬದಲು 510 ರೂಪಾಯಿ ಆಯಿತು, 180 ರೂಪಾಯಿ ಉಳಿಯಿತು, ಆಹಾರ ಕಿಲೋಗೆ 30 ರೂಪಾಯಿ 10 ಪೈಸೆಗೆ ಇಳಿಯಿತು. ಕಾಗದದ ಮೇಲೆ ಲಾಭವೇ.

ಆದರೆ ಹಸು ಕಿಲೋವನ್ನು ಎಣಿಸುವುದಿಲ್ಲ. ಈ ಬದಲಾವಣೆಯಿಂದ ಪ್ರೋಟೀನು ಶೇಕಡಾ 18ರಿಂದ 15ಕ್ಕೆ ಇಳಿದಿದೆ. ದಿನಕ್ಕೆ 10 ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ ಮೈಗೆ 1 ಕಿಲೋ, ಎರಡೂವರೆ ಲೀಟರ್ ಹಾಲಿಗೆ 1 ಕಿಲೋದಂತೆ 4 ಕಿಲೋ, ಒಟ್ಟು 5 ಕಿಲೋ ಹಾಕುತ್ತೇವೆ. ಮೊದಲಿನ ಆಹಾರದಲ್ಲಿ ಇದರಿಂದ 900 ಗ್ರಾಂ ಪ್ರೋಟೀನು ಸಿಗುತ್ತಿತ್ತು, ಖರ್ಚು 160 ರೂಪಾಯಿ. ಹೊಸ ಆಹಾರದಲ್ಲಿ ಅಷ್ಟೇ ಪ್ರೋಟೀನು ಬೇಕಾದರೆ 6 ಕಿಲೋ ಹಾಕಬೇಕು, ಖರ್ಚು 180 ರೂಪಾಯಿ ದಾಟುತ್ತದೆ. 5 ಕಿಲೋವನ್ನೇ ಹಾಕುತ್ತ ಹೋದರೆ ದಿನಕ್ಕೆ 9 ರೂಪಾಯಿ ಉಳಿದಂತೆ ಕಾಣುತ್ತದೆ, ಆದರೆ ಕೆಲವೇ ದಿನಗಳಲ್ಲಿ ಹಾಲು ಇಳಿಯುತ್ತದೆ, ಇಲ್ಲವೆ ಹಸು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ. ಅರ್ಧ ಲೀಟರ್ ಇಳಿದರೂ ಉಳಿತಾಯ ಮುಗಿಯಿತು. ಹಾಗೆಂದು ಹತ್ತಿಕಾಳು ಹಿಂಡಿಯಿಂದಲೇ ಶೇಕಡಾ 18ಕ್ಕೆ ತರಲು ಹೋದರೆ ಅದನ್ನೇ 63 ಕಿಲೋ ಹಾಕಿ ನುಚ್ಚನ್ನು 12 ಕಿಲೋಗೆ ಇಳಿಸಬೇಕಾಗುತ್ತದೆ. ಆಗ ಹಸುವಿಗೆ ಶಕ್ತಿ ಸಾಲದು. ಆದ್ದರಿಂದ ಬದಲಿ ವಸ್ತುವನ್ನು ತೂಕಕ್ಕೆ ತೂಕ ಹಾಕಬಾರದು, ಅದು ಕೊಡುವ ಪೋಷಕಾಂಶಕ್ಕೆ ಸಮನಾಗಿ ಹಾಕಬೇಕು.

ಸರಿಯಾದ ಬದಲಿ ಸೋಯಾ ಹಿಂಡಿ. ಎಣ್ಣೆ ತೆಗೆದ ಸೋಯಾ ಹಿಂಡಿಯಲ್ಲಿ ಪ್ರೋಟೀನು ಶೇಕಡಾ 45ರಷ್ಟು. 15 ಕಿಲೋ ಶೇಂಗಾ ಹಿಂಡಿ ಕೊಡುವ 6.3 ಕಿಲೋ ಪ್ರೋಟೀನು 14 ಕಿಲೋ ಸೋಯಾ ಹಿಂಡಿಯಲ್ಲಿಯೇ ಬರುತ್ತದೆ. ಉಳಿದ 1 ಕಿಲೋ ಜಾಗಕ್ಕೆ ನುಚ್ಚು ಹಾಕಿದರಾಯಿತು. ಸೋಯಾ ಹಿಂಡಿಯಲ್ಲಿ ಎಣ್ಣೆ ಕಡಿಮೆ ಇರುವುದರಿಂದ ಈ ನುಚ್ಚು ಬೇಕೇ ಬೇಕು. ಈಗ ಯಾವ ದರಕ್ಕೆ ಬದಲಾಯಿಸಬೇಕು ಎಂಬುದೂ ಲೆಕ್ಕಕ್ಕೆ ಸಿಗುತ್ತದೆ. 690 ರೂಪಾಯಿಯಲ್ಲಿ 1 ಕಿಲೋ ನುಚ್ಚಿನ 24 ರೂಪಾಯಿ ಕಳೆದರೆ 666 ಉಳಿಯಿತು. ಅದನ್ನು 14ರಿಂದ ಭಾಗಿಸಿದರೆ ಸುಮಾರು 47 ರೂಪಾಯಿ 50 ಪೈಸೆ. ಶೇಂಗಾ ಹಿಂಡಿ 46 ಇರುವಾಗ ಸೋಯಾ ಹಿಂಡಿ 47 ರೂಪಾಯಿಗೆ ಸಿಕ್ಕರೂ ಅದೇ ಅಗ್ಗ. 49 ಆದರೆ ಶೇಂಗಾ ಹಿಂಡಿಯೇ ಇರಲಿ. ನುಚ್ಚಿನ ಬದಲು ಜೋಳದ ಇಲ್ಲವೆ ಸಜ್ಜೆಯ ನುಚ್ಚು ಹಾಕುವುದಾದರೆ ತೊಂದರೆ ಇಲ್ಲ, ಅಲ್ಲಿ ಹೆಚ್ಚುಕಡಿಮೆ ತೂಕಕ್ಕೆ ತೂಕ ನಡೆಯುತ್ತದೆ.

ಗೋದಲಿಯಲ್ಲಿ ಆಗುವ ನಷ್ಟ

ಹಸು 6 ಕಿಲೋ ಕಣಕಿ ತಿನ್ನಬೇಕು, ಕಿಲೋಗೆ 5 ರೂಪಾಯಿ. ಕತ್ತರಿಸದೆ ಉದ್ದುದ್ದ ಹಾಕಿದರೆ ದಂಟು ಉಳಿದು, ಕಾಲಡಿ ಬಿದ್ದು ಶೇಕಡಾ 30 ಹಾಳಾಗುತ್ತದೆ ಎನ್ನೋಣ. ಆಗ 6 ಕಿಲೋಗೆ ಶೇಕಡಾ 30 ಸೇರಿಸಿ 7.8 ಕಿಲೋ ಸಾಕು ಎನ್ನುವುದು ತಪ್ಪು. ಏಕೆಂದರೆ 7.8ರಲ್ಲಿ ಶೇಕಡಾ 30 ಹಾಳಾದರೆ ಹೊಟ್ಟೆಗೆ ಹೋಗುವುದು ಐದೂವರೆ ಕಿಲೋ ಮಾತ್ರ. 6ನ್ನು 0.7ರಿಂದ ಭಾಗಿಸಬೇಕು: 8.57 ಕಿಲೋ, 43 ರೂಪಾಯಿ. ಕತ್ತರಿಸಿ ಹಾಕಿ ನಷ್ಟವನ್ನು ಶೇಕಡಾ 10ಕ್ಕೆ ತಂದರೆ 6.67 ಕಿಲೋ, 33 ರೂಪಾಯಿ. ತಮ್ಮ ಕೊಟ್ಟಿಗೆಯ ನಷ್ಟ ತಿಳಿಯಲು ಮೂರು ದಿನ ಹಾಕಿದ್ದನ್ನೂ ಮಾರನೆಯ ಬೆಳಿಗ್ಗೆ ಉಳಿದದ್ದನ್ನೂ ತೂಗಿ ಬರೆದಿಡಿರಿ. ತಿಪ್ಪೆಗೆ ಹೋದ ಕಣಕಿ ಗೊಬ್ಬರವಾಗುತ್ತದೆ ನಿಜ, ಆದರೆ 5 ರೂಪಾಯಿಯ ಗೊಬ್ಬರವಾಗುವುದಿಲ್ಲ.

ಹಸಿಮೇವು 15 ಕಿಲೋ, ನಷ್ಟ ಸಹಿತ 39 ರೂಪಾಯಿ 50 ಪೈಸೆ ಎಂದಿರಲಿ. ಕಲಸಿದ ಆಹಾರ 160, ಕಣಕಿ 43, ಹಸಿಮೇವು 39.50, ಒಟ್ಟು ಸುಮಾರು 242 ರೂಪಾಯಿ. 10 ಲೀಟರಿಗೆ ಹಂಚಿದರೆ ಲೀಟರಿಗೆ 24 ರೂಪಾಯಿ 20 ಪೈಸೆ. ಯಾವ ನಷ್ಟವನ್ನೂ ಹಿಡಿಯದೆ ಬಾಯಿಲೆಕ್ಕ ಹಾಕಿದ್ದರೆ ಇದೇ ಖರ್ಚು 22 ರೂಪಾಯಿ ಬರುತ್ತಿತ್ತು. ವ್ಯತ್ಯಾಸ ದಿನಕ್ಕೆ ಒಂದು ಹಸುವಿಗೆ 22 ರೂಪಾಯಿ. ಅದರಲ್ಲಿ ಸುಮಾರು 10 ರೂಪಾಯಿ ಕಣಕಿ ಕತ್ತರಿಸಿದ ಮಾತ್ರಕ್ಕೆ ಉಳಿಯುತ್ತದೆ. ಹಿಂಡಿ ಬದಲಾಯಿಸಲು ಹೊರಡುವ ಮೊದಲು ಇದನ್ನು ಮಾಡುವುದು ಲೇಸು.

ದರ ಏರಿದಾಗ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಿಲ್ಲ. ಗೋವಿನಜೋಳ ಕ್ವಿಂಟಾಲಿಗೆ 200 ರೂಪಾಯಿ ಏರಿತೆನ್ನಿ. 90ರಿಂದ ಭಾಗಿಸಿದರೆ ನುಚ್ಚು ಕಿಲೋಗೆ 2 ರೂಪಾಯಿ 22 ಪೈಸೆ ಏರಿತು. 35 ಕಿಲೋಗೆ 78 ರೂಪಾಯಿ. ಅದನ್ನು 98ರಿಂದ ಭಾಗಿಸಿದರೆ ಕಲಸಿದ ಆಹಾರ ಕಿಲೋಗೆ 79 ಪೈಸೆ, 5 ಕಿಲೋಗೆ 4 ರೂಪಾಯಿ. ಹಾಲಿಗೆ ಲೀಟರಿಗೆ 40 ಪೈಸೆ ತಟ್ಟಿತು.

ಕೊನೆಗೆ, ಲೆಕ್ಕ ಸರಿ ಬಂದಿತೆಂದು ಹಿಂಡಿಯನ್ನು ಒಂದೇ ದಿನ ಬದಲಾಯಿಸಬೇಡಿರಿ. ಮೊದಲ ಮೂರು ದಿನ ಕಾಲು ಭಾಗ, ಮುಂದಿನ ಮೂರು ದಿನ ಅರ್ಧ, ಆ ಮೇಲೆ ಮುಕ್ಕಾಲು, ಹೀಗೆ ಎಂಟು ಹತ್ತು ದಿನದಲ್ಲಿ ಪೂರ್ತಿ ಬದಲಾಯಿಸತಕ್ಕದ್ದು. ಹತ್ತಿಕಾಳು ಹಿಂಡಿ ಹೆಚ್ಚಿರುವ ಆಹಾರವನ್ನು ಎಳೆಗರುಗಳಿಗೆ ಹಾಕಕೂಡದು. ಅದರಲ್ಲಿರುವ ಗಾಸಿಪಾಲ್ ಎಂಬ ವಸ್ತುವನ್ನು ದೊಡ್ಡ ದನದ ಹೊಟ್ಟೆ ತಡೆದುಕೊಳ್ಳುತ್ತದೆ, ಕರುವಿನದು ತಡೆಯುವುದಿಲ್ಲ.