ಮಳೆನೀರು ಕೊಯ್ಲು ಕಾಮಗಾರಿ: ಮೊದಲ ಸಭೆ ನಡೆಸುವ ಕ್ರಮ

ಅಪಾರ್ಟ್‌ಮೆಂಟ್‌ನಲ್ಲಿ ಮಳೆನೀರು ಕೊಯ್ಲು ಅಳವಡಿಸುವ ಕಾಮಗಾರಿಯ ಮೊದಲ ಸಭೆ ಮೂರು ಪ್ರಶ್ನೆಗಳನ್ನು ಇತ್ಯರ್ಥಪಡಿಸಬೇಕು: ಯಾವ ಕೆಲಸ ಯಾರದು, ಯಾವ ದಿನಕ್ಕೆ ಮುಗಿಯಬೇಕು, ನಡುವೆ ತೊಡಕು ಬಂದರೆ ತೀರ್ಮಾನ ಯಾರದು. ಸಭೆ ನಡೆಸುವ ಮುಂದಾಳು ಹೇಳಬೇಕಾದ ಮಾತುಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಮುಕ್ಕಾಲು ಗಂಟೆಯಲ್ಲಿ ಇಷ್ಟೂ ಮುಗಿಯುತ್ತದೆ.

ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯು ದೊಡ್ಡ ನಿವೇಶನದ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ ಹಳೆಯ ಮನೆ ಕೆಡವಿ ಎದ್ದ ಸಣ್ಣ ಅಪಾರ್ಟ್‌ಮೆಂಟ್‌ಗಳಲ್ಲಿ ಪೈಪು ಇಳಿದಿದ್ದರೂ ನೀರು ಸಂಪಿಗೆ ಸೇರದೆ ರಸ್ತೆಗೆ ಹರಿಯುವುದುಂಟು. ಅಲ್ಲಿಂದ ರಾಜಕಾಲುವೆ ಹಿಡಿದು ಅದು ವೃಷಭಾವತಿ ಸೇರುತ್ತದೆ. ಉದಾಹರಣೆಗಾಗಿ ಇಲ್ಲಿ ಹದಿನಾರು ಮನೆಗಳ, 3,600 ಚದರ ಅಡಿ ಟೆರೇಸ್ ಇರುವ ಒಂದು ಕಟ್ಟಡವನ್ನು ತೆಗೆದುಕೊಳ್ಳಲಾಗಿದೆ. ಸಭೆ ನಡೆಯುವುದು ಮಾರ್ಚ್ ಎರಡನೇ ಭಾನುವಾರ.

1. ಸಭೆಗೆ ಮುಂಚೆ

ಸಭೆಗೆ ಸಂಘದ ಪದಾಧಿಕಾರಿಗಳಷ್ಟೇ ಬಂದರೆ ಸಾಲದು. ಪ್ಲಂಬರ್, ಗುಂಡಿ ತೋಡಿಸುವ ಮೇಸ್ತ್ರಿ ಮತ್ತು ದಿನಾ ಮೋಟರ್ ಹಾಕುವ ವಾಚ್‌ಮನ್ ಕೂಡ ಇರಬೇಕು. ಯಾವ ವಾಲ್ವ್ ಎಲ್ಲಿದೆ, ಸಂಪು ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬುದು ಹೆಚ್ಚಿನ ಕಟ್ಟಡಗಳಲ್ಲಿ ವಾಚ್‌ಮನ್‌ಗೇ ಚೆನ್ನಾಗಿ ಗೊತ್ತಿರುತ್ತದೆ. ಟೆರೇಸಿನಿಂದ ಇಳಿಯುವ ಪೈಪುಗಳ ಕೈನಕ್ಷೆಯೊಂದನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಟ್ಟರೆ ಮಾತು ಅತ್ತಿತ್ತ ಹೋಗುವುದಿಲ್ಲ.

2. ಉದ್ದೇಶ ಮತ್ತು ಎಲ್ಲೆ: ಹತ್ತು ನಿಮಿಷ

ಮುಂದಾಳು ಅಳತೆಯಿಂದಲೇ ಮಾತು ಶುರುಮಾಡುವುದು ಒಳ್ಳೆಯದು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು.

“ನಮ್ಮ ಟೆರೇಸ್ ಸುಮಾರು 334 ಚದರ ಮೀಟರ್ ಇದೆ. ಒಂದು ಸಂಜೆ 30 ಮಿಲಿಮೀಟರ್ ಮಳೆ ಬಂದರೆ ಹತ್ತು ಸಾವಿರ ಲೀಟರ್ ಬೀಳುತ್ತೆ. ಪೋಲಾಗೋದು ಕಳೆದರೂ ಎಂಟೂವರೆ ಸಾವಿರ ಸಿಗುತ್ತೆ. ಅದು ಫಿಲ್ಟರ್ ದಾಟಿ ಸಂಪಿಗೆ ಬರಬೇಕು, ಸಂಪು ತುಂಬಿ ಉಕ್ಕಿದ್ದು ಇಂಗುಗುಂಡಿಗೆ ಹೋಗಬೇಕು. ಈ ಬಾರಿಯ ಕೆಲಸ ಇಷ್ಟೇ. ಬೋರ್‌ವೆಲ್ ಮರುಪೂರಣ, ಟೆರೇಸ್ ವಾಟರ್‌ಪ್ರೂಫಿಂಗ್ ಎರಡೂ ಇದರಲ್ಲಿ ಇಲ್ಲ.”

ಕೊನೆಯ ವಾಕ್ಯವನ್ನು ಬಿಡುವಂತಿಲ್ಲ. ಹೇಗೂ ಪ್ಲಂಬರ್ ಬಂದಿದ್ದಾರೆ, ಅದನ್ನೂ ಮಾಡಿಸಿಬಿಡೋಣ ಎಂದು ಒಂದೊಂದೇ ಕೆಲಸ ಸೇರಿದರೆ ಹಣವೂ ದಿನಗಳೂ ಕೈಮೀರುತ್ತವೆ. ಅಂಥ ಬೇಡಿಕೆಗಳನ್ನು ‘ಮುಂದಿನ ವರ್ಷ’ ಎಂಬ ತಲೆಬರಹದಡಿ ಅದೇ ಹಾಳೆಯಲ್ಲಿ ಬರೆದುಕೊಂಡರೆ ಕೇಳಿದವರಿಗೂ ಸಮಾಧಾನ.

3. ಹೊಣೆ ಹಂಚಿಕೆ: ಹನ್ನೆರಡು ನಿಮಿಷ

ಪ್ರತಿ ಕೆಲಸಕ್ಕೂ ಒಬ್ಬರದೇ ಹೆಸರಿರಬೇಕು. ‘ಕಮಿಟಿ ನೋಡಿಕೊಳ್ಳುತ್ತದೆ’ ಎಂದು ಬರೆದ ಸಾಲು ಯಾರ ಕೆಲಸವೂ ಆಗದೆ ಉಳಿಯುತ್ತದೆ. ಕೊಟೇಶನ್ ಮತ್ತು ಹಣಪಾವತಿ ಖಜಾಂಚಿಯದು, ಗುಂಡಿ ಮೇಸ್ತ್ರಿಯದು, ಪೈಪು ಮತ್ತು ಫಿಲ್ಟರ್ ಪ್ಲಂಬರ್‌ದು, ಮನೆಗಳಿಗೆ ಸೂಚನೆ ತಲುಪಿಸುವುದು ಕಾರ್ಯದರ್ಶಿಯದು.

ಇಬ್ಬರ ಕೆಲಸ ಕೂಡುವ ಜಾಗದಲ್ಲೇ ಹೆಚ್ಚಾಗಿ ಎಡವಟ್ಟಾಗುತ್ತದೆ. ಸಂಪಿನಿಂದ ಗುಂಡಿಯವರೆಗಿನ ಕೆಲವು ಅಡಿ ಪೈಪು ಪ್ಲಂಬರ್ ಪಾಲಿನದೋ ಮೇಸ್ತ್ರಿ ಪಾಲಿನದೋ ಎಂಬುದು ಇತ್ಯರ್ಥವಾಗದಿದ್ದರೆ ಗುಂಡಿಯೂ ಫಿಲ್ಟರೂ ಸಿದ್ಧವಾಗಿ ನಡುವೆ ಪೈಪು ಇಲ್ಲದ ಸ್ಥಿತಿ ಬರುತ್ತದೆ.

ಇದಕ್ಕಿಂತ ಅಪಾಯದ್ದು ಇಳಿಪೈಪುಗಳ ತಪಾಸಣೆ. ಬಾಲ್ಕನಿಯ ವಾಷಿಂಗ್ ಮೆಷಿನ್ ನೀರನ್ನು ಯಾರೋ ಎಂದೋ ಮಳೆಪೈಪಿಗೆ ಸೇರಿಸಿರುವುದು ಹಳೆಯ ಕಟ್ಟಡಗಳಲ್ಲಿ ಸಾಮಾನ್ಯ. ಅದು ಗೊತ್ತಾಗದೆ ಜೋಡಿಸಿದರೆ ಸೋಪಿನ ನೀರು ನೇರ ಸಂಪಿಗೆ ಬರುತ್ತದೆ. ಹೀಗಾಗಿ ಮುಂದಾಳು ಕೇಳಬೇಕಾದ ಪ್ರಶ್ನೆ ಹೀಗಿರಲಿ:

“ಆರು ಇಳಿಪೈಪುಗಳಲ್ಲಿ ಬರೀ ಮಳೆನೀರು ಬರೋದು ಯಾವುವು ಅಂತ ಗುರುತು ಹಾಕೋ ಕೆಲಸ ಯಾರು ತಗೋತೀರಿ? ಮಳೆ ಇಲ್ಲದ ದಿನ ಬೆಳಿಗ್ಗೆ ಬಟ್ಟೆ ಒಗೆಯೋ ಹೊತ್ತಿಗೆ ಕೆಳಗೆ ನಿಂತು ನೋಡಿದರೆ ಗೊತ್ತಾಗುತ್ತೆ. ಗುರುತು ಹಾಕದ ಪೈಪನ್ನ ಪ್ಲಂಬರ್ ಜೋಡಿಸೋ ಹಾಗಿಲ್ಲ.”

4. ಕಾಲಪಟ್ಟಿ: ಹತ್ತು ನಿಮಿಷ

ದಿನಾಂಕಗಳನ್ನು ಇವತ್ತಿನಿಂದ ಮುಂದಕ್ಕೆ ಎಣಿಸದೆ ಮಳೆಯಿಂದ ಹಿಂದಕ್ಕೆ ಎಣಿಸಬೇಕು. ಮುಂಗಾರು ಬೆಂಗಳೂರಿಗೆ ಸಾಮಾನ್ಯವಾಗಿ ಜೂನ್ ಮೊದಲ ವಾರಗಳಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ ಇದ್ದೇ ಇರುತ್ತದೆ. ಹೀಗಾಗಿ ಕೆಲಸ ಮುಗಿಯಬೇಕಾದ ದಿನ ಮೇ 15.

ಅಲ್ಲಿಂದ ಹಿಂದಕ್ಕೆ ಬಂದರೆ ಮೇ ಎರಡನೇ ವಾರ ಪರೀಕ್ಷೆಗೆ, ಅದರ ಹಿಂದಿನ ಎರಡು ವಾರ ಪೈಪು ಮತ್ತು ಫಿಲ್ಟರ್‌ಗೆ, ಏಪ್ರಿಲ್ ನಡುವಿನ ಎರಡು ವಾರ ಗುಂಡಿಗೆ ಹೋಗುತ್ತವೆ. ಕೊಟೇಶನ್‌ಗಳನ್ನು ಹೋಲಿಸಿ ಅಡ್ವಾನ್ಸ್ ಕೊಡಲು ಎರಡು ವಾರ ಬೇಕು. ಪೈಪು ತಪಾಸಣೆಗೆ ಉಳಿಯುವುದು ಸಭೆಯ ಮರುದಿನದಿಂದ ಎರಡು ವಾರ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಗೋಡೆ ಕೊರೆಯುವ ಸದ್ದಿನ ಕೆಲಸ ಬರದಂತೆಯೂ ಈ ಕ್ರಮ ನೋಡಿಕೊಳ್ಳುತ್ತದೆ.

ಪಟ್ಟಿ ಓದಿದ ಮೇಲೆ ಮೇಸ್ತ್ರಿಯನ್ನು ಕೇಳಲೇಬೇಕಾದ ಮಾತೊಂದಿದೆ: “ಮೇಸ್ತ್ರಿಗಳೇ, ಯುಗಾದಿಗೆ ನಿಮ್ಮ ಹುಡುಗರು ಊರಿಗೆ ಹೋದರೆ ಬರೋದು ಯಾವತ್ತು? ಗುಂಡಿ ಅರ್ಧ ತೋಡಿ ಬಿಟ್ಟುಹೋಗೋದು ಬೇಡ.” ಅರ್ಧ ತೋಡಿದ ಗುಂಡಿಗೆ ಮಳೆ ಬಿದ್ದರೆ ಪಕ್ಕದ ಮಣ್ಣು ಕುಸಿಯುತ್ತದೆ, ಮಕ್ಕಳು ಬೀಳುವ ಭಯವೂ ಇದೆ. ಕೆಲಸ ಶುರುವಾಗುವ ದಿನವೇ ಸುತ್ತ ತಡೆ, ರಾತ್ರಿ ಮೇಲೆ ಮುಚ್ಚಳ ಇರಬೇಕೆಂಬುದನ್ನೂ ಆಗಲೇ ಬರೆಸಿಕೊಳ್ಳಬೇಕು.

5. ಕೆಲಸದ ರೀತಿ: ಎಂಟು ನಿಮಿಷ

ಇಲ್ಲಿ ನಾಲ್ಕೇ ನಿಯಮ ಸಾಕು. ಕಾಮಗಾರಿಗೆಂದೇ ಒಂದು ವಾಟ್ಸ್ಆ್ಯಪ್ ಗುಂಪು ಇರಲಿ, ನಿವಾಸಿಗಳ ದೊಡ್ಡ ಗುಂಪಿನಲ್ಲಿ ಇದರ ಚರ್ಚೆ ಬೇಡ. ಪ್ರತಿ ಭಾನುವಾರ ಹತ್ತು ಗಂಟೆಗೆ ಹದಿನೈದು ನಿಮಿಷ ಕೆಲಸದ ಜಾಗದಲ್ಲೇ ಭೇಟಿ. ನೀರು ನಿಲ್ಲಿಸಬೇಕಾದರೆ ಎರಡು ದಿನ ಮುಂಚೆ ಲಿಫ್ಟ್ ಬಳಿ ಸೂಚನೆ. ಹೆಚ್ಚುವರಿ ಖರ್ಚು ಐದು ಸಾವಿರ ರೂಪಾಯಿಯೊಳಗಿದ್ದರೆ ಮುಂದಾಳಿನ ತೀರ್ಮಾನ, ಅದಕ್ಕಿಂತ ಹೆಚ್ಚಾದರೆ ಅಧ್ಯಕ್ಷರೂ ಖಜಾಂಚಿಯೂ ಒಂದು ದಿನದೊಳಗೆ ಹೇಳಬೇಕು. ಮೊತ್ತವನ್ನು ಆಯಾ ಸಂಘ ತನ್ನ ಅನುಕೂಲಕ್ಕೆ ತಕ್ಕಂತೆ ಗೊತ್ತುಮಾಡಬಹುದು. ಗುಂಡಿಯಲ್ಲಿ ಬಂಡೆ ಸಿಕ್ಕಾಗ ಕೂಲಿಯವರು ಕೈಕಟ್ಟಿ ಕೂರದಿರಲು ಈ ನಿಯಮ ಬೇಕು.

6. ಮರುಓದು: ಐದು ನಿಮಿಷ

ಕೊನೆಗೆ ಪಟ್ಟಿಯನ್ನು ಮುಂದಾಳು ಓದದೆ, ಆಯಾ ಕೆಲಸ ಹೊತ್ತವರೇ ತಮ್ಮ ಕೆಲಸ ಮತ್ತು ದಿನಾಂಕವನ್ನು ಬಾಯಿಬಿಟ್ಟು ಹೇಳಬೇಕು. ಯಾರಾದರೂ ‘ನೋಡೋಣ’ ಎಂದರೆ ಆ ಕೆಲಸ ಇನ್ನೂ ಯಾರದೂ ಆಗಿಲ್ಲವೆಂದೇ ಅರ್ಥ. ಆಗ ಅಲ್ಲೇ ಬೇರೊಬ್ಬರ ಹೆಸರು ಅಥವಾ ಬೇರೆ ದಿನಾಂಕ ಬರೆದುಕೊಳ್ಳಬೇಕು.

ಕೆಲಸ ಮುಗಿದಿದೆ ಎನ್ನುವುದಕ್ಕೆ ಪುರಾವೆ ಏನು ಎಂಬುದನ್ನೂ ಇಲ್ಲೇ ಗೊತ್ತುಮಾಡಬೇಕು. ಟೆರೇಸ್ ಮೇಲೆ ಪೈಪಿನಲ್ಲಿ ಹದಿನೈದು ನಿಮಿಷ ನೀರು ಬಿಟ್ಟಾಗ ಮೊದಲ ಕೊಳೆನೀರು ಹೊರಬಿಡುವ ವಾಲ್ವ್‌ನಿಂದ ಆಚೆ ಹೋಗಬೇಕು, ವಾಲ್ವ್ ಮುಚ್ಚಿದ ಮೇಲೆ ನೀರು ಫಿಲ್ಟರ್ ದಾಟಿ ಸಂಪಿಗೆ ಬೀಳಬೇಕು, ತುಂಬಿದ ಸಂಪಿನಿಂದ ಉಕ್ಕಿದ್ದು ಗುಂಡಿ ಸೇರಬೇಕು. ಇದನ್ನು ಖಜಾಂಚಿ ಕಣ್ಣಾರೆ ಕಂಡ ಮೇಲೆ ಕೊನೆಯ ಕಂತು ಪಾವತಿ. ಗೋಡೆಯ ಹಾಳೆಯ ಫೋಟೊವನ್ನು ಅಂದೇ ಸಂಜೆ ಕಾಮಗಾರಿ ಗುಂಪಿಗೆ ಹಾಕಿದರೆ ಅದೇ ಸಭೆಯ ನಡಾವಳಿ.